ಮಾತ್ರೆಗಳ ಲೆಕ್ಕಕ್ಕೆ ಒಂದು ಒಳದಾರಿ

ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗಣಗಳ ಕಟ್ಟನ್ನು ಸದ್ಯ ಮರೆತು ಬರೀ ಲಘು-ಗುರುಗಳಿಂದ 14 ಮಾತ್ರೆಗಳನ್ನು ತುಂಬಲು ಎಷ್ಟು ಬಗೆಗಳಿವೆ?

ಸಾಲಿನ ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ 13 ಮಾತ್ರೆ ಉಳಿಯುತ್ತವೆ, ಗುರುವಾದರೆ 12. ಹಾಗಾಗಿ 14ರ ಉತ್ತರವೆಂದರೆ 13 ಮತ್ತು 12ರ ಉತ್ತರಗಳ ಮೊತ್ತ. ಛಂದಸ್ಸಿನ ಈ ನಿಯಮವನ್ನು 12ನೇ ಶತಮಾನದ ಹೇಮಚಂದ್ರ ಹೇಳಿದ್ದ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕದ ಮೂಲಕ ಇದೇ ಸರಣಿಯನ್ನು ಬರೆದದ್ದು ಅದರ ನಂತರ, 1202ರಲ್ಲಿ. ಹೆಸರು ಮಾತ್ರ ಅವನದೇ ಉಳಿಯಿತು.

0, 1, 1, 2, 3, 5, 8 ಎಂದು ಕೂಡುತ್ತಾ ಹೋದರೆ ಉತ್ತರ ಸಿಗುತ್ತದೆ, ಆದರೆ ನಡುವಿನ ಒಂದು ಪದವನ್ನೂ ಬಿಡುವಂತಿಲ್ಲ. ನೇರ ಸೂತ್ರ ಬೇಕೆಂದರೆ ಗಣಿತಜ್ಞರು ಒಂದು ಊಹೆಯಿಂದ ಹೊರಡುತ್ತಾರೆ: ಪ್ರತಿ ಪದವೂ ಹಿಂದಿನದರ r ಪಟ್ಟು ಇದ್ದರೆ? ಆಗ n‌ನೇ ಪದ rⁿ. ಇದನ್ನು ನಿಯಮದಲ್ಲಿಟ್ಟು rⁿ⁻² ಇಂದ ಭಾಗಿಸಿದರೆ ಉಳಿಯುವುದು

r² = r + 1

ಇದೇ ಲಕ್ಷಣ ಸಮೀಕರಣ, ಹತ್ತನೇ ತರಗತಿಯ ವರ್ಗ ಸಮೀಕರಣವೇ. ಇದರ ಮೂಲಗಳು (1+√5)/2 ಮತ್ತು (1−√5)/2, ಅಂದರೆ ಸುಮಾರು 1.618 ಮತ್ತು −0.618. ಎರಡರ ಘಾತಗಳೂ ನಿಯಮವನ್ನು ಪಾಲಿಸುತ್ತವೆ. ಆದರೆ ಯಾವುದೂ ಒಂಟಿಯಾಗಿ 0, 1 ಎಂದು ಶುರುವಾಗುವುದಿಲ್ಲ. ಹಾಗಾಗಿ ಒಂದನ್ನು A ಯಿಂದ, ಇನ್ನೊಂದನ್ನು B ಯಿಂದ ಗುಣಿಸಿ ಕೂಡಬೇಕು. ಮೊದಲ ಪದ 0 ಆಗಲು A + B = 0. ಮುಂದಿನದು 1 ಆಗಲು A ಯನ್ನು ಮೂಲಗಳ ಅಂತರವಾದ √5 ರಿಂದ ಗುಣಿಸಿದಾಗ 1 ಬರಬೇಕು. ಆದ್ದರಿಂದ A = 1/√5, B = −1/√5.

ಪೂರ್ಣಾಂಕಗಳ ಸರಣಿಗೆ √5 ಹೊತ್ತ ಸೂತ್ರವೇ ಎಂಬ ಅನುಮಾನ ಸಹಜ. ಪರೀಕ್ಷಿಸೋಣ. 0ಯನ್ನು ಸೊನ್ನೆಯನೇ ಪದವೆಂದು ಎಣಿಸಿದರೆ 14 ಮಾತ್ರೆಗಳ ಉತ್ತರ ಸರಣಿಯ 15ನೇ ಪದ. ದೊಡ್ಡ ಮೂಲದ 15ನೇ ಘಾತವನ್ನು √5 ರಿಂದ ಭಾಗಿಸಿದರೆ 609.9997. ಸಣ್ಣ ಮೂಲದ ಪಾಲು ಉಳಿದ 0.0003. ಉತ್ತರ 610. ಸಣ್ಣ ಮೂಲದ ಪಾಲು ಯಾವಾಗಲೂ ಅರ್ಧಕ್ಕಿಂತ ಕಡಿಮೆಯಿರುವುದರಿಂದ ಮೊದಲ ಭಾಗವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ ಸಾಕು. (ಭಾಮಿನಿಯ 3-4-3-4 ಗಣವಿಭಾಗದ ಎಲ್ಲೆಗಳನ್ನು ಪಾಲಿಸಿದರೆ ಈ 610, 3×5×3×5 = 225ಕ್ಕೆ ಇಳಿಯುತ್ತದೆ.)

ವಿಧಾನ ಎಡವುವುದು ಎರಡು ಮೂಲಗಳೂ ಒಂದೇ ಆದಾಗ. ಪ್ರತಿ ಪದವೂ ಹಿಂದಿನದರ ನಾಲ್ಕು ಪಟ್ಟಿನಿಂದ ಅದಕ್ಕೂ ಹಿಂದಿನದರ ನಾಲ್ಕು ಪಟ್ಟನ್ನು ಕಳೆದಷ್ಟು ಎಂಬ ನಿಯಮಕ್ಕೆ r = 2 ಎಂಬ ಒಂದೇ ಮೂಲ. ಸರಣಿ 1, 4 ಎಂದು ಶುರುವಾದರೆ 2ರ ಘಾತಗಳನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಎರಡೂ ಹೊಂದುವುದಿಲ್ಲ: ಮೊದಲನೆಯದು 1 ಆದರೆ ಎರಡನೆಯದು 2 ಆಗಿಬಿಡುತ್ತದೆ. ಆಗ n × 2ⁿ ಅನ್ನೂ ಸೇರಿಸಿಕೊಳ್ಳಬೇಕು. ಸೂತ್ರ (n+1) × 2ⁿ ಆಗುತ್ತದೆ, ಸರಣಿ 1, 4, 12, 32.

ಗುಣಕಗಳು ಸ್ಥಿರವಾಗಿದ್ದರಷ್ಟೇ ಈ ದಾರಿ. ಪ್ರತಿ ಹೆಜ್ಜೆಗೂ ಗುಣಕ ಬದಲಾಗುವ 1, 2, 6, 24, 120 ರಂಥ ಸರಣಿಗೆ ಯಾವ ಲಕ್ಷಣ ಸಮೀಕರಣವೂ ಇಲ್ಲ.