ಹೋಲಿಕೆ ಬರಬೇಕಾದರೆ ಎಂಥ ಫೋಟೊ ಬೇಕು?

ಭಾವಚಿತ್ರ ಬರೆಸಲು ಬರುವವರು ಸಾಮಾನ್ಯವಾಗಿ ಮನೆಯಲ್ಲಿರುವ ಅತಿ ಚೆಂದದ ಫೋಟೊವನ್ನೇ ಆರಿಸಿ ತರುತ್ತಾರೆ. ಒಳ್ಳೆಯ ಅಂಗಿ, ಬಾಚಿದ ತಲೆ, ತುಂಬು ನಗು. ಆದರೆ ಕ್ಯಾನ್ವಾಸಿನ ಮೇಲೆ ಮುಖ ಕಟ್ಟುವವರು ನೋಡುವುದು ಬೇರೆಯದನ್ನೇ. ಕಣ್ಣಿಗೂ ಕಣ್ಣಿಗೂ ಎಷ್ಟು ದೂರ, ಮೂಗಿನ ಬುಡದಿಂದ ತುಟಿಗೆ ಎಷ್ಟು, ಹುಬ್ಬಿನ ಎಲುಬಿನ ಕೆಳಗೆ ಬಿದ್ದ ನೆರಳಿನ ಆಕಾರ ಯಾವುದು ಎಂಬುದನ್ನು. ಹೋಲಿಕೆ ನಿಲ್ಲುವುದು ಈ ಅಂತರಗಳ ಮೇಲೆ ಮತ್ತು ನೆರಳುಗಳ ಮೇಲೆ. ಇವು ಫೋಟೊದಲ್ಲಿ ಇಲ್ಲದಿದ್ದರೆ ಎಷ್ಟೇ ಪಳಗಿದ ಕೈಯಾದರೂ ಊಹಿಸಿ ಬರೆಯಬೇಕಾಗುತ್ತದೆ. ಊಹಿಸಿ ಬರೆದ ಮುಖವನ್ನು ಮನೆಯವರು ಒಂದೇ ನೋಟಕ್ಕೆ ಗುರುತಿಸಿಬಿಡುತ್ತಾರೆ: ‘ಚೆನ್ನಾಗಿದೆ, ಆದ್ರೆ ಅಪ್ಪ ಹೀಗಿರ್ಲಿಲ್ಲ.’

ಇತ್ತೀಚೆಗೆ ಒಂದು ಕುಟುಂಬದವರು ತೀರಿಕೊಂಡ ತಂದೆಯ ತೈಲಚಿತ್ರಕ್ಕಾಗಿ ನಾಲ್ಕು ಫೋಟೊ ಕಳಿಸಿದ್ದರು. ನನ್ನ ಬಳಿಗೆ ಬರುವ ಫೋಟೊಗಳೆಲ್ಲ ಹೆಚ್ಚುಕಡಿಮೆ ಇವೇ ನಾಲ್ಕು ಬಗೆಯವು.

ಮೊದಲನೆಯದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ತೆಗೆದ ಸೆಲ್ಫಿ. ಮನೆಯವರಿಗೆ ಬಹಳ ಪ್ರೀತಿಯದು, ನನಗೆ ಮಾತ್ರ ಅದರಿಂದ ಅಳತೆ ಹಿಡಿಯಲಾಗಲಿಲ್ಲ. ಕಾರಣ ದೂರ. ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ. ಹಿಂದಿರುತ್ತದೆ. ಫೋನು ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿ 52 ಸೆಂ.ಮೀ. ದೂರದಲ್ಲಿದ್ದಂತಾಯಿತು. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆಯಾದ್ದರಿಂದ ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ 30ರಷ್ಟು ಹಿಗ್ಗುತ್ತದೆ. ಅದೇ ಫೋಟೊವನ್ನು ಒಂದೂವರೆ ಮೀಟರ್ ದೂರದಿಂದ ತೆಗೆದಿದ್ದರೆ ಈ ವ್ಯತ್ಯಾಸ ನೂರಕ್ಕೆ 8ಕ್ಕೆ ಇಳಿಯುತ್ತಿತ್ತು. ನಾವು ಒಬ್ಬರ ಎದುರು ಕೂತು ಮಾತಾಡುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಅಪ್ಪನ ಮುಖವೆಂದು ಮನಸ್ಸಿನಲ್ಲಿ ಉಳಿಯುವುದು ಆ ದೂರದಿಂದ ಕಂಡ ಮುಖ.

ಸೆಲ್ಫಿಯಲ್ಲಿ ಇನ್ನೊಂದು ತೊಡಕಿದೆ. ಕೆಲವು ಫೋನುಗಳು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಉಳಿಸುತ್ತವೆ. ಬೈತಲೆ, ಮಚ್ಚೆ, ಒಂದು ಕಡೆ ಸ್ವಲ್ಪ ಏರಿದ ಹುಬ್ಬು ಎಲ್ಲವೂ ಆಚೀಚೆಯಾಗುತ್ತವೆ. ಅಂಗಿಯ ಜೇಬು ನೋಡಿದರೆ ಇದು ತಿಳಿಯುತ್ತದೆ. ಜೇಬು ಸಾಮಾನ್ಯವಾಗಿ ತೊಟ್ಟವರ ಎಡಗಡೆ, ಅಂದರೆ ಫೋಟೊ ನೋಡುವವರ ಬಲಕ್ಕೆ ಇರಬೇಕು.

ಎರಡನೆಯದು ಪ್ರವಾಸದಲ್ಲಿ ಸಮುದ್ರದ ದಂಡೆಯಲ್ಲಿ ತೆಗೆದದ್ದು. ನಡುಮಧ್ಯಾಹ್ನದ ಬಿಸಿಲು, ಕಣ್ಣಿಗೆ ಕೂಲಿಂಗ್ ಗ್ಲಾಸ್. ‘ಕಣ್ಣನ್ನು ಬೇರೆ ಫೋಟೊದಿಂದ ತಗೊಂಡು ಹಾಕಿಬಿಡಿ ಸಾರ್’ ಎಂದು ಮಗ ಹೇಳಿದರು. ಬಹಳ ಜನ ಹೀಗೇ ಕೇಳುತ್ತಾರೆ. ತಲೆ ಒಂದಿಷ್ಟು ತಿರುಗಿದರೂ ರೆಪ್ಪೆಯ ಬಾಗು ಬದಲಾಗುತ್ತದೆ, ಆಚೆ ಬದಿಯ ಕಣ್ಣು ಕಿರಿದಾಗುತ್ತದೆ, ಬೆಳಕು ಬೀಳುವ ದಿಕ್ಕು ಬೇರೆಯಾದರೆ ಕಣ್ಣಗುಳಿಯ ನೆರಳೂ ಬೇರೆಯಾಗುತ್ತದೆ. ಬೇರೆ ಕೋನದ ಕಣ್ಣನ್ನು ತಂದು ಕೂರಿಸಿದರೆ ಅದು ಆ ಮುಖದ ಕಣ್ಣಾಗುವುದಿಲ್ಲ. ಕಪ್ಪು ಗಾಜು ಮುಚ್ಚುವುದು ಕಣ್ಣನ್ನಷ್ಟೇ ಅಲ್ಲ. ಹುಬ್ಬಿನ ಕೆಳಭಾಗ, ಮೂಗಿನ ಸೇತುವೆ, ಕಣ್ಣಿನ ಕೆಳಗಿನ ಚೀಲ, ಹೊರಮೂಲೆಯ ಗೆರೆಗಳು, ಎಲ್ಲವೂ ಅದರ ಹಿಂದೆ ಹೋಗುತ್ತವೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ಪವರ್ ಕನ್ನಡಕವೂ ಹೊರಾಂಗಣದ ಫೋಟೊಗಳಲ್ಲಿ ಇದೇ ಕೆಲಸ ಮಾಡುತ್ತದೆ.

ಹಾಗೆಂದು ದಿನವೂ ಕನ್ನಡಕ ಹಾಕುತ್ತಿದ್ದವರನ್ನು ಕನ್ನಡಕವಿಲ್ಲದೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅದೂ ಅವರ ಮುಖದ ಭಾಗವೇ. ಆದರೆ ದೂರದ್ದು ಕಾಣದವರು ಹಾಕುವ ಮೈನಸ್ ಪವರಿನ ಗಾಜಿನ ಹಿಂದೆ ಕಣ್ಣು ಸಣ್ಣದಾಗಿ ಕಾಣುತ್ತದೆ, ಗಾಜಿನೊಳಗೆ ಕಾಣುವ ಕೆನ್ನೆಯ ಅಂಚೂ ಒಳಕ್ಕೆ ಸರಿದಿರುತ್ತದೆ. ಗಾಜಿನ ಮೇಲೆ ಕಿಟಕಿಯೋ ಟ್ಯೂಬ್‌ಲೈಟೋ ಹೊಳೆಯುತ್ತಿದ್ದರೆ ಅರ್ಧ ಕಣ್ಣೇ ಇರುವುದಿಲ್ಲ. ಅದಕ್ಕೇ ಕನ್ನಡಕ ತೆಗೆದ ಒಂದು ಫೋಟೊವನ್ನೂ ಜೊತೆಗೆ ಕೇಳುತ್ತೇನೆ.

ಮೂರನೆಯದು ಮಗಳ ಮದುವೆಯ ಗ್ರೂಪ್ ಫೋಟೊ. ಹನ್ನೆರಡು ಜನ ಒಂದೇ ಸಾಲಿನಲ್ಲಿ ನಿಂತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಸುಮಾರು 1600 ಪಿಕ್ಸೆಲ್ ಅಗಲಕ್ಕೆ ಕುಗ್ಗುತ್ತದೆ. ಹನ್ನೆರಡರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 130 ಪಿಕ್ಸೆಲ್ ಬಂತು. ಭುಜದ ಅಗಲದಲ್ಲಿ ಮುಖ ಮೂರನೇ ಒಂದರಷ್ಟು, ಅಂದರೆ 45 ಪಿಕ್ಸೆಲ್. ಕಣ್ಣಿನ ಬಣ್ಣದ ವೃತ್ತ ಹೆಚ್ಚುಕಡಿಮೆ ಎಲ್ಲ ದೊಡ್ಡವರಲ್ಲೂ 12 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಮುಖದ ಅಗಲದ ಹನ್ನೆರಡನೇ ಒಂದರಷ್ಟು. ಅಲ್ಲಿಗೆ ಆ ತಂದೆಯ ಒಂದು ಕಣ್ಣಿನ ವೃತ್ತಕ್ಕೆ ಉಳಿದದ್ದು ನಾಲ್ಕೇ ಪಿಕ್ಸೆಲ್. ನೋಟ ಯಾವ ಕಡೆಗಿದೆ ಎಂಬುದೂ ಅದರಲ್ಲಿ ತಿಳಿಯದು. ಫೋಟೊದಲ್ಲಿ ಕಣ್ಣನ್ನು ಹಿಗ್ಗಿಸಿ ನೋಡಿ, ವೃತ್ತದ ಅಡ್ಡಗಲ 30 ಪಿಕ್ಸೆಲ್ ಆದರೂ ಇದ್ದರೆ ಮಾತ್ರ ನಾನು ಧೈರ್ಯವಾಗಿ ಕೆಲಸ ಒಪ್ಪಿಕೊಳ್ಳುತ್ತೇನೆ. ಚಿತ್ರವನ್ನು ದೊಡ್ಡದು ಮಾಡಿ ಕಳಿಸಿದರೆ ಪ್ರಯೋಜನವಿಲ್ಲ, ಇಲ್ಲದ ವಿವರ ಅದರಿಂದ ಬರುವುದಿಲ್ಲ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ಕುಗ್ಗದೆ ಬರುತ್ತದೆ.

ಕೊನೆಯದು ಪಾಸ್‌ಪೋರ್ಟ್ ಅಳತೆಯ ಹಳೆಯ ಸ್ಟುಡಿಯೊ ಪ್ರಿಂಟು. ಇದನ್ನು ಅವರು ಟೇಬಲ್ಲಿನ ಮೇಲಿಟ್ಟು ಫೋನಿನಲ್ಲಿ ಓರೆಯಾಗಿ ತೆಗೆದು ಕಳಿಸಿದ್ದರಿಂದ ಗಲ್ಲ ಅಗಲವಾಗಿ ಹಣೆ ಕಿರಿದಾಗಿತ್ತು. ಪ್ರಿಂಟನ್ನೇ ತರಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಮುಖದ ಅಗಲ 500 ಪಿಕ್ಸೆಲ್ ಸಿಕ್ಕಿತು. ವಿವರಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ನೆರಳಿಗೆ. ಎರಡೂ ಕಡೆಯಿಂದ ಸಮನಾದ ಬೆಳಕು, ನೇರ ಮುಖ. ನೇರ ಮುಖದಲ್ಲಿ ಮೂಗು ಎಷ್ಟು ಮುಂದೆ ಬಂದಿದೆ ಎಂದು ತಿಳಿಯಲು ನೆರಳೊಂದೇ ದಾರಿ, ಆ ನೆರಳೂ ಅಳಿಸಿಹೋಗಿತ್ತು. ಹಳೆಯ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡುವ ರೂಢಿಯಿತ್ತು, ಸುಕ್ಕು ಮಚ್ಚೆಗಳು ಅಲ್ಲೇ ಮಾಯವಾಗುತ್ತಿದ್ದವು. ಇಂದಿನ ಫೋನುಗಳ ಬ್ಯೂಟಿ ಮೋಡ್ ಮಾಡುವುದೂ ಅದನ್ನೇ. ಕ್ಯಾಮೆರಾಕ್ಕೆಂದು ಬಿಗಿಹಿಡಿದ ತುಟಿಯನ್ನಂತೂ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕೊನೆಗೆ ಅವರ ಹಾರ್ಡ್ ಡಿಸ್ಕ್‌ನಿಂದ ಐದನೆಯದೊಂದು ಸಿಕ್ಕಿತು. ಅವರು ಜಗಲಿಯಲ್ಲಿ ಕೂತು ಯಾರದೋ ಮಾತು ಕೇಳುತ್ತಿರುವ ಚಿತ್ರ, ಅಂಗಳದ ಆಚೆಯಿಂದ ತೆಗೆದದ್ದು. ‘ಇದ್ರಲ್ಲಿ ಅಂಗಿ ಹಳೇದು’ ಎಂದು ಪಕ್ಕಕ್ಕಿಟ್ಟಿದ್ದರಂತೆ. ಮುಖ ಮುಕ್ಕಾಲು ಭಾಗ ಇತ್ತ ತಿರುಗಿತ್ತು. ಮೂಗಿನ ಎತ್ತರ, ಕೆನ್ನೆಯ ಎಲುಬು, ದವಡೆಯ ಗೆರೆ ಒಟ್ಟಿಗೇ ಕಾಣುತ್ತಿದ್ದವು. ಸೂರಿನ ಅಡಿಯಲ್ಲಿ ಕೂತಿದ್ದರಿಂದ ಬೆಳಕು ಅಂಗಳದ ಕಡೆಯಿಂದ ಮೆತ್ತಗೆ ಒಂದೇ ಬದಿಗೆ ಬಿದ್ದಿತ್ತು. ತುಟಿಯಲ್ಲಿ ನಗು ಮೂಡುವುದರಲ್ಲಿತ್ತು. ತುಂಬು ನಗುವಿನಲ್ಲಿ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ, ಹಲ್ಲುಗಳನ್ನು ಬರೆಯಲು ಹೋದರೆ ಚಿತ್ರವೆಲ್ಲ ಹಲ್ಲೇ ಆಗುತ್ತದೆ. ಅರೆನಗುವಿನಲ್ಲಿ ಮುಖದ ಅಳತೆ ಕೆಡುವುದಿಲ್ಲ, ಜೀವವೂ ಇರುತ್ತದೆ. ನಾನು ಬರೆದದ್ದು ಅದನ್ನೇ ಇಟ್ಟುಕೊಂಡು. ಮಚ್ಚೆಯ ಜಾಗ ಮತ್ತು ರೆಪ್ಪೆಯ ಮಡಿಕೆಯನ್ನು ಮಾತ್ರ ಸ್ಟುಡಿಯೊ ಪ್ರಿಂಟಿನಲ್ಲಿ ತಾಳೆನೋಡಿಕೊಂಡೆ. ಅಂಗಿಯನ್ನು ಅವರು ಕೇಳಿದಂತೆ ಹೊಸದು ಮಾಡಿಕೊಟ್ಟೆ.

ಬರೆಸಬೇಕಾದವರು ಎದುರಿಗೇ ಇದ್ದರೆ ಕೆಲಸ ಸುಲಭ. ಬೆಳಗ್ಗೆ ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ, ಬೆಳಕು ಒಂದು ಪಕ್ಕದ ಮುಂದಿನಿಂದ ಬರುವಂತೆ ಕೂರಿಸಿ. ಕೋಣೆಯ ಲೈಟು, ಫ್ಲ್ಯಾಶ್ ಎರಡೂ ಆರಿಸಿ. ನೀವು ಎರಡು ಮೀಟರ್ ಹಿಂದೆ ಸರಿದು, ಫೋನಿನಲ್ಲಿ 2x ಇಟ್ಟು, ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೇ ಹಿಡಿಯಿರಿ. ಕೆಳಗಿನಿಂದ ತೆಗೆದರೆ ಗಲ್ಲ ಉಬ್ಬುತ್ತದೆ, ಮೇಲಿನಿಂದ ತೆಗೆದರೆ ಹಣೆ. ‘ನಗಿ’ ಎನ್ನಬೇಡಿ. ಮಾತಿಗೆಳೆದು, ಅವರು ಉತ್ತರ ಹೇಳಿ ಮುಗಿಸಿ ನಿಮ್ಮ ಕಡೆ ನೋಡುವ ಹೊತ್ತಿಗೆ ಒಂದರ ಹಿಂದೊಂದು ನಾಲ್ಕಾರು ಫೋಟೊ ತೆಗೆದುಬಿಡಿ.