ತಡವಾಯಿತು, ತಹಶೀಲ್ದಾರರೇ

ಅಜ್ಜ ಮನೆಯಲ್ಲೇ ತೀರಿಕೊಂಡರೆ ಮರಣ ನೋಂದಣಿ ಯಾರಿಗೂ ನೆನಪಾಗುವುದಿಲ್ಲ. ಪೌತಿ ಖಾತೆಗೆ ಓಡಾಡುವಾಗಲೇ ಪ್ರಮಾಣಪತ್ರ ಬೇಕೆಂದು ತಿಳಿಯುವುದು. 1969ರ ಕಾಯ್ದೆಯಂತೆ 21 ದಿನದೊಳಗೆ ತಿಳಿಸಬೇಕು. 30 ದಿನದವರೆಗೆ ದಂಡ ಕಟ್ಟಿದರೆ ಸಾಕು. ಅದು ದಾಟಿ ವರ್ಷ ತುಂಬುವ ಮೊದಲು ಬಂದರೆ ಲಿಖಿತ ಅನುಮತಿ ಬೇಕು. ನಮ್ಮ ಹಳ್ಳಿಗಳವರು ಅದಕ್ಕಾಗಿ ತಹಶೀಲ್ದಾರರಿಗೆ ಬರೆಯುತ್ತಾರೆ. ವರ್ಷವೇ ಕಳೆದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಪತ್ರದಲ್ಲಿ ಬಹಳ ಮಂದಿ ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರಿಂದ ಓದುವವರಿಗೆ ಏನೂ ತಿಳಿಯದು. ಹೀಗೆ ಬರೆದು ನೋಡಿ:

‘ಮಾನ್ಯರೇ, ನಮ್ಮ ತಾತ ಮಾರ್ಚ್ 4ರಂದು ವಯೋಸಹಜವಾಗಿ ಮನೆಯಲ್ಲೇ ನಿಧನರಾದರು. ಆಸ್ಪತ್ರೆಗೆ ಸೇರಿಸಿರಲಿಲ್ಲವಾದ್ದರಿಂದ ಅಲ್ಲಿಂದ ವರದಿ ಹೋಗಲಿಲ್ಲ. ತಿಥಿ ಮುಗಿಸಿ ನಾನು ಕೆಲಸಕ್ಕೆ ಬೆಂಗಳೂರಿಗೆ ಮರಳಿದೆ. ಮನೆಯಲ್ಲಿರುವ ಅಜ್ಜಿಗೆ ಓದು ಬಾರದು. ಜೂನ್ 10ರಂದು ಖಾತೆ ಬದಲಾವಣೆಗೆ ಹೋದಾಗ ನೋಂದಣಿಯಾಗಿಲ್ಲವೆಂದು ತಿಳಿಯಿತು. ತಡವನ್ನು ಮನ್ನಿಸಿ ನೋಂದಣಿಗೆ ಅನುಮತಿ ನೀಡಬೇಕಾಗಿ ವಿನಂತಿ.’

ತಾರೀಖುಗಳೇ ಇಲ್ಲಿ ಜೀವಾಳ. ಜೊತೆಗೆ ಆಧಾರ್, ಪಡಿತರ ಚೀಟಿಯ ಪ್ರತಿ ಇಡಿ. ಹೆಸರು ಒಂದರಲ್ಲಿ ‘ನಿಂಗಪ್ಪ’, ಇನ್ನೊಂದರಲ್ಲಿ ‘ಲಿಂಗಪ್ಪ’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ಪತ್ರದಲ್ಲೇ ಹೇಳಿಬಿಡಿ. ಅರ್ಜಿ ವಾಪಸು ಬರುವುದು ಹೆಚ್ಚಾಗಿ ಅಲ್ಲಿಂದಲೇ.