ಏಕಪಕ್ಷೀಯ ಖರೀದಿ ಕರಾರಿಗೆ ತಿದ್ದುಪಡಿ ಸೂಚಿಸುವ ಕ್ರಮ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರದ ಕಡಲ ಬದಿಯ ಮರಳುಮಿಶ್ರಿತ ಗದ್ದೆಗಳಲ್ಲಿ ಮಳೆಗಾಲದ ಭತ್ತವನ್ನು ಕೊಯ್ದ ಮೇಲೆ ನೆಲಗಡಲೆಯನ್ನು ಬಿತ್ತುವ ರೂಢಿಯು ಪಟೇಲರಿಗೂ ಭೂಮಾಲಿಕರಿಗೂ ತಿಳಿದ ವಿಷಯವೇ ಆಗಿದೆ. ಇಂತಹ ಬೆಳೆಗೆ ಬಿತ್ತನೆಯ ಮೊದಲೇ ಖರೀದಿ ಕರಾರು ಮಾಡಿಕೊಳ್ಳುವ ಪ್ರಸಂಗದಲ್ಲಿ, ಕರಡನ್ನು ಸಾಮಾನ್ಯವಾಗಿ ಖರೀದಿದಾರರ ವಕೀಲರೇ ಬರೆದು ಇ-ಮೇಲ್ ಮೂಲಕ ಕಳುಹಿಸುತ್ತಾರೆ. ಬರೆದವರ ಹಿತವೇ ಅದರಲ್ಲಿ ಮುಂದಾಗಿರುವುದು ಸಹಜ. ಅದನ್ನು ಓದದೆ ರುಜು ಹಾಕುವವರುಂಟು. ಓದಿ, ಸಿಟ್ಟಾಗಿ, ವ್ಯವಹಾರವನ್ನೇ ಬಿಟ್ಟುಬಿಡುವವರೂ ಉಂಟು. ಇವೆರಡಕ್ಕೂ ಮಧ್ಯದಲ್ಲಿ ಮೂರನೆಯ ಮಾರ್ಗವೊಂದಿದೆ.

ದೃಷ್ಟಾಂತಕ್ಕಾಗಿ, ಒಬ್ಬ ಭೂಮಾಲಿಕರು 40 ಕ್ವಿಂಟಾಲ್ ಸಿಪ್ಪೆಸಹಿತ ನೆಲಗಡಲೆಯನ್ನು ಒದಗಿಸಬೇಕಾದ ಕರಡೊಂದನ್ನು ಭಾವಿಸೋಣ. ಅದರ 4ನೆಯ ಕಲಮಿನ ಪ್ರಕಾರ ತೇವಾಂಶವು ನೂರಕ್ಕೆ 8ನ್ನು ಮೀರಿದ ಮಾಲನ್ನು ಕಂಪೆನಿಯು ತನ್ನ ಗೋದಾಮಿನಲ್ಲಿ ಪರೀಕ್ಷಿಸಿ ತಿರಸ್ಕರಿಸಬಹುದು. ಅದರ ನಿರ್ಣಯವೇ ಅಂತಿಮ. 7ನೆಯದರ ಪ್ರಕಾರ ಕಂಪೆನಿಯು ತನಗೆ ಅನುಕೂಲವಾದಾಗ ಮಾಲನ್ನು ಎತ್ತುವುದು. 9ನೆಯದರ ಪ್ರಕಾರ, ಯಾವ ಕಾರಣದಿಂದಲೇ ಆಗಲಿ, ಒದಗಿಸಿದ ಮಾಲು ಕಡಿಮೆಯಾದರೆ ಬೆಳೆಗಾರರು ದಂಡ ತೆರಬೇಕು. 14ನೆಯದರ ಪ್ರಕಾರ ವ್ಯಾಜ್ಯಗಳು ಬೆಂಗಳೂರಿನ ನ್ಯಾಯಾಲಯದಲ್ಲಿ ನಡೆಯತಕ್ಕದ್ದು.

ಎಲ್ಲವನ್ನೂ ತಿದ್ದಹೊರಟರೆ ಒಂದೂ ನಡೆಯುವುದಿಲ್ಲ. ಆ ಕಂಪೆನಿಯು ಅನೇಕ ಊರುಗಳ ಬೆಳೆಗಾರರೊಡನೆ ಒಂದೇ ನಮೂನೆಯ ಕರಾರು ಮಾಡುವುದರಿಂದ 14ನೆಯ ಕಲಮನ್ನು ಬಿಟ್ಟುಕೊಡುವುದು ಅದಕ್ಕೆ ಕಷ್ಟ. ಮೊದಲಿನ ಮೂರು ಕಲಮುಗಳು ಸರಿಯಾದರೆ ವ್ಯಾಜ್ಯವೇ ವಿರಳವಾಗುವುದು. ಆದುದರಿಂದ ಈ ಮೂರನ್ನು ಮಾತ್ರ ಹಿಡಿದು 14ನೆಯದನ್ನು ಒಪ್ಪಿಕೊಳ್ಳುವುದು ಲೇಸು. ಒಪ್ಪಿದ ಸಂಗತಿಯನ್ನು ಪತ್ರದಲ್ಲಿ ಮೊದಲಿಗೇ ತಿಳಿಸುವುದು ಇನ್ನೂ ಲೇಸು.

ಪ್ರತಿಯೊಂದು ತಿದ್ದುಪಡಿಯ ಕೆಳಗೆ ಹೊಸ ವಾಕ್ಯ, ಅದರ ಕಾರಣ, ಅದರಿಂದ ಕಂಪೆನಿಗೆ ಏನೂ ನಷ್ಟವಾಗದೆಂಬ ವಿವರಣೆ, ಈ ಮೂರೂ ಇರಬೇಕು. ‘ಈ ಕಲಮು ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ, ಓದುವ ಗುಮಾಸ್ತನು ಮೇಲಧಿಕಾರಿಗೆ ತೋರಿಸಲು ಅದರಲ್ಲಿ ಏನೂ ಇರುವುದಿಲ್ಲ. ಅವನು ನಕಲು ಮಾಡಿ ಮುಂದೆ ಕಳುಹಿಸಬಹುದಾದ ವಾಕ್ಯವನ್ನೂ ಕಾರಣವನ್ನೂ ಸಿದ್ಧಪಡಿಸಿ ಕೊಡಬೇಕು.

4ನೆಯ ಕಲಮನ್ನೇ ನೋಡಿರಿ. ಒದ್ದೆ ಕಾಯಿಯಲ್ಲಿ ಬೂಷ್ಟು ಹಿಡಿದು ವಿಷಾಂಶ ಹುಟ್ಟುವುದೆಂಬುದೂ ನೀರಿಗೆ ನೆಲಗಡಲೆಯ ಬೆಲೆ ತೆರಬೇಕಾಗುವುದೆಂಬುದೂ ಕಂಪೆನಿಯ ಭಯ. ಎರಡೂ ನ್ಯಾಯವಾದ ಭಯಗಳೇ. ಆದರೆ ಕೊಯ್ಲಿನ ಹೊತ್ತಿಗೆ ಅಕಾಲದ ಒಂದು ಮಳೆ ಬಿದ್ದರೂ ಒಣಗಿದ ಕಾಯಿಯ ತೇವ ಏರುವುದು. ಒಂದು ಅಂಶ ಹೆಚ್ಚಾದ ಕಾರಣಕ್ಕೆ ಇಡೀ ಲಾರಿಯು ಹಿಂದಿರುಗಿದರೆ ಸಾಗಣೆಯ ವೆಚ್ಚವೆಲ್ಲ ಬೆಳೆಗಾರನ ತಲೆಯ ಮೇಲೆ ಬೀಳುವುದು. ಇದಕ್ಕೆ ಪರಿಹಾರವು ಲೆಕ್ಕದಲ್ಲಿದೆ. ನೂರಕ್ಕೆ 10 ತೇವವುಳ್ಳ ಒಂದು ಕ್ವಿಂಟಾಲ್ ಕಾಯಿಯಲ್ಲಿ ಒಣ ಪದಾರ್ಥವು 90 ಕಿಲೋ. ನೂರಕ್ಕೆ 8 ತೇವವುಳ್ಳ ಕ್ವಿಂಟಾಲಿನಲ್ಲಿ ಅದು 92 ಕಿಲೋ. 90ನ್ನು 92ರಿಂದ ಭಾಗಿಸಿ 100ರಿಂದ ಗುಣಿಸಿದರೆ 97.8 ಕಿಲೋ ಬರುವುದು. ಎಂದರೆ ಕ್ವಿಂಟಾಲಿಗೆ ಸುಮಾರು 2.2 ಕಿಲೋ, 40 ಕ್ವಿಂಟಾಲಿಗೆ ಸುಮಾರು 87 ಕಿಲೋ ತೂಕವನ್ನು ಕಳೆದರೆ ಕಂಪೆನಿಯು ನೀರಿಗೆ ಒಂದು ಕಾಸನ್ನೂ ಕೊಟ್ಟಂತಾಗುವುದಿಲ್ಲ. ಎರಡು ಅಂಶಕ್ಕೆ ಎರಡೇ ಕಿಲೋ ಕಳೆಯುವೆವೆಂದು ಬರೆಯುವುದು ಸಲ್ಲದು. ಕಂಪೆನಿಯ ಲೆಕ್ಕಿಗನು ಆ ಕೊರತೆಯನ್ನು ಕಂಡುಹಿಡಿದರೆ ಉಳಿದ ತಿದ್ದುಪಡಿಗಳ ಮೇಲೂ ಸಂಶಯ ಹುಟ್ಟುವುದು.

ಅಂತಹ ಪತ್ರವು ಈ ಬಗೆಯಾಗಿರಬಹುದು:

“ಮಾನ್ಯರೇ, ತಾವು ಕಳುಹಿಸಿದ ಕರಡು ತಲುಪಿತು. 4, 7 ಮತ್ತು 9ನೆಯ ಕಲಮುಗಳ ಹೊರತು ಉಳಿದುವೆಲ್ಲ ನಮಗೆ ಸಮ್ಮತವಾಗಿವೆ. ಇದು ತಮ್ಮ ಪರಿಶೀಲನೆಗಾಗಿ ಮಾಡಿದ ಸೂಚನೆ. ಅಂತಿಮ ಪತ್ರಕ್ಕೆ ಉಭಯರೂ ರುಜು ಹಾಕುವ ತನಕ ಕರಾರು ಆದಂತೆ ಎಣಿಸಬಾರದಾಗಿ ಪ್ರಾರ್ಥನೆ.

4ನೆಯದು: ‘ಸಿಪ್ಪೆಸಹಿತ ಕಾಯಿಯ ತೇವಾಂಶವು 8ರಿಂದ 10ರ ವರೆಗೆ ಇದ್ದರೆ ಒಣ ಪದಾರ್ಥದ ಲೆಕ್ಕದಂತೆ ತೂಕವನ್ನು ಕಳೆದು, ಒಣಗಿಸುವ ವೆಚ್ಚವನ್ನು ಹಿಡಿದುಕೊಂಡು ಸ್ವೀಕರಿಸುವುದು, 10ನ್ನು ಮೀರಿದರೆ ತಿರಸ್ಕರಿಸಬಹುದು. ಮಾದರಿಯನ್ನು ಬೆಳೆಗಾರನ ಕಣದಲ್ಲಿ ಉಭಯರ ಎದುರಿಗೆ ತೆಗೆದು ಮೂರು ಗಾಳಿಯಾಡದ ಚೀಲಗಳಲ್ಲಿ ಮೊಹರು ಮಾಡುವುದು.’ ವೆಚ್ಚದ ದರವನ್ನು ತಾವೇ ತುಂಬಬಹುದು. ಮೂರನೆಯ ಚೀಲವು ಭಿನ್ನಾಭಿಪ್ರಾಯ ಬಂದಾಗ ಉಭಯರೂ ಒಪ್ಪಿದ ಪರೀಕ್ಷಾಶಾಲೆಗೆ ಹೋಗುವುದು.

7ನೆಯದು: ‘ಮಾಲು ಸಿದ್ಧವೆಂದು ತಿಳಿಸಿದ 7 ದಿನಗಳೊಳಗೆ ಎತ್ತುವುದು, ತಪ್ಪಿದರೆ ಬೆಳೆಗಾರನು ಆ ಮಾಲನ್ನು ಬೇರೆಡೆ ಮಾರಲು ಸ್ವತಂತ್ರನು.’ ನಾವು ತಮ್ಮಿಂದ ಪರಿಹಾರವನ್ನು ಕೇಳುತ್ತಿಲ್ಲ. ಮಳೆಗೆ ಮೊದಲು ಮಾಲನ್ನು ವಿಲೇವಾರಿ ಮಾಡುವ ಅನುಮತಿಯನ್ನು ಮಾತ್ರ ಕೋರುತ್ತೇವೆ.

9ನೆಯದು: ‘ಕರಾರಿನ ಮಾಲನ್ನು ಅನ್ಯರಿಗೆ ಮಾರಿದಲ್ಲಿ ದಂಡವು ಪೂರ್ಣವಾಗಿ ಅನ್ವಯಿಸುವುದು, ಮಳೆ, ನೆರೆ, ಕೀಟ ಅಥವಾ ರೋಗದಿಂದ ಬೆಳೆ ಕಡಿಮೆಯಾಗಿ, ಅದನ್ನು 3 ದಿನಗಳೊಳಗೆ ತಿಳಿಸಿದ್ದರೆ ದಂಡವಿಲ್ಲ.’ ತಮ್ಮ ಪ್ರತಿನಿಧಿಯು ಗದ್ದೆಗೆ ಬಂದು ನೋಡಬಹುದು.”

ದಂಡದ ವಿಷಯದಲ್ಲಿ ಒಂದು ಮಾತು. ದರ ಏರಿದಾಗ ಬೆಳೆಗಾರನು ಗುಟ್ಟಾಗಿ ಬೇರೆಯವರಿಗೆ ಮಾರುವನೆಂಬುದೇ ಕಂಪೆನಿಯ ನಿಜವಾದ ಅಂಜಿಕೆ. ಆ ಭಾಗವನ್ನು ಮುಟ್ಟದೆ ಬಿಟ್ಟುದರಿಂದಲೇ ಉಳಿದುದನ್ನು ಒಪ್ಪುವುದು ಅದಕ್ಕೆ ಸುಲಭವಾಗುವುದು. 1872ರ ಕರಾರು ಕಾಯಿದೆಯ 74ನೆಯ ಕಲಮಿನಂತೆ ಬರೆದಿಟ್ಟ ದಂಡದ ಮೊತ್ತವು ಪರಮಾವಧಿ ಮಾತ್ರ. ಅದರೊಳಗೆ ಯುಕ್ತವಾದ ಪರಿಹಾರವನ್ನಷ್ಟೇ ನ್ಯಾಯಾಲಯವು ಕೊಡಿಸುವುದು. ಆದರೆ ಇದನ್ನು ಮೊದಲ ಪತ್ರದಲ್ಲಿ ಎತ್ತಬಾರದು. ಕಾಯಿದೆಯ ಹೆಸರು ಕಂಡೊಡನೆ ಕಾಗದವು ವಕೀಲರ ಮೇಜಿಗೆ ಹೋಗಿ ಅಲ್ಲಿಯೇ ಕುಳಿತುಬಿಡುವುದು. ಬೇಸಾಯದ ಕರಾರಿನ ಕುರಿತು 2020ರಲ್ಲಿ ಬಂದ ಕೇಂದ್ರ ಕಾಯಿದೆಯು 2021ರಲ್ಲಿ ರದ್ದಾದುದರಿಂದ ಅದನ್ನು ಉದಾಹರಿಸುವುದರಿಂದಲೂ ಪ್ರಯೋಜನವಿಲ್ಲ.

ಇ-ಮೇಲ್ ಎಂದರೆ ಬರಿಯ ಮಾತುಕತೆಯೆಂದು ಭಾವಿಸಬಾರದು. ಇ-ಮೇಲ್‌ಗಳ ವಿನಿಮಯದಿಂದಲೇ ಕರಾರು ಏರ್ಪಡಬಹುದೆಂದು ಸುಪ್ರೀಂ ಕೋರ್ಟು 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಕಂಪೆನಿಗಳ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ‘ಸರಿ, ಒಪ್ಪಿದೆ, ತಿದ್ದುಪಡಿಯನ್ನು ಆಮೇಲೆ ನೋಡೋಣ’ ಎಂದು ಬರೆದವನು ಹಳೆಯ ಕರಡಿಗೇ ಕಟ್ಟುಬೀಳುವ ಸಂಭವವಿದೆ. ಇನ್ನೊಂದು ಕಡೆಯಲ್ಲಿ, ಕಾಯಿದೆಯ 7ನೆಯ ಕಲಮಿನಂತೆ ಒಪ್ಪಿಗೆಯು ಯಾವ ಬದಲಾವಣೆಯೂ ಇಲ್ಲದೆ ಪೂರ್ಣವಾಗಿರಬೇಕು. ಷರತ್ತು ಹಾಕಿ ಒಪ್ಪಿದರೆ ಅದು ಹೊಸ ಪ್ರಸ್ತಾಪವಾಗಿ, ಹಳೆಯದನ್ನು ಪಾಲಿಸುವ ಹೊಣೆ ಕಂಪೆನಿಗೆ ಉಳಿಯುವುದಿಲ್ಲ. ಗತ್ಯಂತರವಿಲ್ಲದಿದ್ದರೆ ಹಳೆಯ ಕರಡನ್ನೇ ಒಪ್ಪಬೇಕಾದವರು ‘ಈ ಬದಲಾವಣೆ ಸಾಧ್ಯವೇ’ ಎಂಬ ವಿಚಾರಣೆಯ ರೂಪದಲ್ಲಿಯೇ ಬರೆಯುವುದು ಕ್ಷೇಮಕರ.

ಹೆಚ್ಚಿನವರು ಎಡವುವುದು ಮಾತಿನಲ್ಲಿ ಅಲ್ಲ, ಕೃತಿಯಲ್ಲಿ. ಉತ್ತರ ಬರುವ ಮೊದಲೇ ಬಿತ್ತನೆಯ ಹದ ಬರುವುದು. ಕಂಪೆನಿಯ ಬೀಜವೂ ಮುಂಗಡ ಹಣವೂ ಮನೆಗೆ ಬರುವುವು. ಅವನ್ನು ತೆಗೆದುಕೊಂಡರೆ 8ನೆಯ ಕಲಮಿನಂತೆ ಅದೇ ಒಪ್ಪಿಗೆಯೆಂದು ವಾದಿಸಲು ಎಡೆಯಾಗುವುದು. ಆದಕಾರಣ ತಿದ್ದುಪಡಿ ಇತ್ಯರ್ಥವಾಗುವ ತನಕ ಮುಂಗಡವನ್ನು ತೆಗೆದುಕೊಳ್ಳಕೂಡದು. ಖಾತೆಗೆ ತಾನಾಗಿ ಜಮೆಯಾದರೆ ಅಂದೇ ಲಿಖಿತವಾಗಿ ತಿಳಿಸಿ ಹಿಂದಿರುಗಿಸಬೇಕು.

ಕಡತವನ್ನು ತಿದ್ದುವಾಗ Track Changes ಸೌಕರ್ಯವನ್ನು ತೆರೆದಿಟ್ಟರೆ ಅಳಿಸಿದ ಮತ್ತು ಸೇರಿಸಿದ ಪ್ರತಿಯೊಂದು ಶಬ್ದವೂ ಗುರುತಿನೊಡನೆ ಕಾಣುವುದು. ಗುರುತಿಲ್ಲದೆ ಒಂದು ಶಬ್ದವನ್ನು ತಿದ್ದಿ, ಅದು ತರುವಾಯ ಬಯಲಾದರೆ ವಿಶ್ವಾಸವು ಹೋಗುವುದು. ಅತ್ತಣಿಂದ ಅಂತಿಮ ಪ್ರತಿ ಬಂದಾಗಲೂ ಗುರುತುಗಳನ್ನಷ್ಟೇ ನಂಬದೆ, ಇಬ್ಬರು ಕುಳಿತು, ಒಬ್ಬರು ಗಟ್ಟಿಯಾಗಿ ಓದುತ್ತ ಮತ್ತೊಬ್ಬರು ಹಳೆಯ ಪ್ರತಿಯನ್ನು ನೋಡುತ್ತ, ಅನುಬಂಧದ ದರಪಟ್ಟಿಯ ತನಕ ತಾಳೆ ನೋಡಿ, ಬಳಿಕ ರುಜು ಹಾಕತಕ್ಕದ್ದು.